ಡಾಲರ್ ಲೆಕ್ಕ ಮೊದಲು, ರೂಪಾಯಿ ಲೆಕ್ಕ ಆಮೇಲೆ: ರಫ್ತು ಬಾಕಿ ಮತ್ತು ವಿನಿಮಯ ವ್ಯತ್ಯಾಸಗಳ ಲೆಕ್ಕಪರಿಶೋಧನೆ

1. ವಿಷಯ ಪ್ರವೇಶ

ವಿದೇಶಕ್ಕೆ ಸರಕು ಕಳುಹಿಸುವ ಭಾರತೀಯ ಸಂಸ್ಥೆ ತನ್ನ ಬೆಲೆಯನ್ನು ಡಾಲರಿನಲ್ಲೋ ಯೂರೋದಲ್ಲೋ ನಿಗದಿ ಮಾಡಿಕೊಂಡರೂ ಲೆಕ್ಕಪುಸ್ತಕವನ್ನು ರೂಪಾಯಿಯಲ್ಲಿಯೇ ಬರೆಯಬೇಕಾಗುವುದರಿಂದ, ಮಾರಾಟ ನಡೆದ ದಿನ, ವರ್ಷ ಮುಗಿದ ದಿನ ಮತ್ತು ಹಣ ಕೈಸೇರಿದ ದಿನ ಎಂಬ ಮೂರು ಘಟ್ಟಗಳಲ್ಲಿ ಒಂದೇ ಬಾಕಿಗೆ ಮೂರು ಬೇರೆ ಬೇರೆ ರೂಪಾಯಿ ಮೊತ್ತಗಳು ಬರುತ್ತವೆ. ಈ ಮೊತ್ತಗಳ ನಡುವಿನ ಅಂತರಕ್ಕೆ ವಿನಿಮಯ ವ್ಯತ್ಯಾಸವೆಂದು ಹೆಸರು. ಇದು ಲಾಭ-ನಷ್ಟ ಖಾತೆಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ, ಲಾಭವನ್ನೂ ನಷ್ಟವನ್ನೂ ಪರಸ್ಪರ ಕಳೆದ ನಿವ್ವಳ ಮೊತ್ತವಾಗಿ ಕಾಣಿಸಿಕೊಳ್ಳುತ್ತದೆ. ಆ ಮೊತ್ತ ಚಿಕ್ಕದಾಗಿದ್ದರೆ ಪರಿಶೋಧಕರು ವರ್ಷಾಂತ್ಯದ ದರವೊಂದನ್ನು ತಾಳೆ ನೋಡಿ ಮುಂದೆ ಸಾಗುವ ರೂಢಿಯಿದೆ.

ಈ ರೂಢಿ ಸಾಲದು ಎಂಬುದು ಪ್ರಸ್ತುತ ಉಪನ್ಯಾಸದ ವಾದ. ರೂಪಾಯಿಯಲ್ಲಿ ಬರೆದ ಬಾಕಿಯ ಮೊತ್ತದೊಳಗೆ ಎಷ್ಟು ಡಾಲರ್ ಬರಬೇಕು ಎಂಬ ಪ್ರಶ್ನೆಯೂ ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬ ಪ್ರಶ್ನೆಯೂ ಬೆರೆತಿರುತ್ತವೆ. ಮೊದಲನೆಯದು ಹಕ್ಕಿನ ಪ್ರಶ್ನೆಯಾದರೆ ಎರಡನೆಯದು ದರದ ಪ್ರಶ್ನೆ. ಇವೆರಡನ್ನೂ ಬಿಡಿಸದೆ ಪರೀಕ್ಷಿಸಿದಾಗ, ಗ್ರಾಹಕರು ಹಿಡಿದುಕೊಂಡ ಹಣ, ಅವಧಿಗೆ ಸೇರದ ಮಾರಾಟ ಮತ್ತು ವಸೂಲಾಗದ ಸಾಲ ಇವೆಲ್ಲವೂ ದರದ ಏರಿಳಿತದ ಮರೆಯಲ್ಲಿ ಉಳಿದುಬಿಡುತ್ತವೆ. ಆದ್ದರಿಂದ ಡಾಲರುಗಳನ್ನು ಮೊದಲು ಎಣಿಸಿ, ಆಮೇಲೆ ದರವನ್ನು ಅನ್ವಯಿಸಿ, ಕೊನೆಗೆ ವಿನಿಮಯ ವ್ಯತ್ಯಾಸದ ಖಾತೆಯನ್ನು ಹೊಸದಾಗಿ ಕಟ್ಟಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಮಾನದಂಡ ಹೇಳುವುದೇನು

ಭಾರತದಲ್ಲಿ ಈ ವಿಷಯವನ್ನು ನಿಯಂತ್ರಿಸುವ ಲೆಕ್ಕಪತ್ರ ಮಾನದಂಡಗಳು ಎರಡು. ದೊಡ್ಡ ಕಂಪನಿಗಳಿಗೆ ಹಾಗೂ ಷೇರುಪೇಟೆಯಲ್ಲಿ ನೋಂದಾಯಿತವಾದ ಬಹುತೇಕ ಕಂಪನಿಗಳಿಗೆ ಇಂಡ್ ಎ.ಎಸ್. 21 ಅನ್ವಯಿಸಿದರೆ, ಉಳಿದವುಗಳಿಗೆ ಎ.ಎಸ್. 11 ಅನ್ವಯಿಸುತ್ತದೆ. ಸಾಮಾನ್ಯ ರಫ್ತು ಬಾಕಿಯ ಮಟ್ಟಿಗೆ ಎರಡರ ತಿರುಳೂ ಒಂದೇ. ವ್ಯವಹಾರವನ್ನು ಅದು ನಡೆದ ದಿನದ ದರದಲ್ಲಿ ಬರೆಯಬೇಕು. ದರ ತೀವ್ರವಾಗಿ ಏರಿಳಿಯದಿದ್ದರೆ ವಾರದ ಅಥವಾ ತಿಂಗಳ ಸರಾಸರಿ ದರವನ್ನೂ ಬಳಸಬಹುದು. ವರ್ಷ ಮುಗಿದಾಗ ಹಣರೂಪದ ಬಾಬತ್ತುಗಳನ್ನು, ಎಂದರೆ ನಿಗದಿತ ಪ್ರಮಾಣದ ಹಣವಾಗಿ ಬರಬೇಕಾದ ಅಥವಾ ಕೊಡಬೇಕಾದ ಮೊತ್ತಗಳನ್ನು, ಆ ದಿನದ ಮುಕ್ತಾಯ ದರಕ್ಕೆ ಪರಿವರ್ತಿಸಬೇಕು. ಇದರಿಂದ ಹುಟ್ಟುವ ಅಂತರ ಹಣ ಇನ್ನೂ ಕೈಗೆ ಬಾರದಿದ್ದರೂ ಆ ವರ್ಷದ ಲಾಭ-ನಷ್ಟಕ್ಕೆ ಸೇರುತ್ತದೆ. ಸರಕು ದಾಸ್ತಾನು, ಯಂತ್ರ, ಸರಕಿನ ರೂಪದಲ್ಲಿ ತೀರುವ ಮುಂಗಡ ಮೊದಲಾದ ಹಣರೂಪವಲ್ಲದ ಬಾಬತ್ತುಗಳು ಮೂಲ ದರದಲ್ಲಿಯೇ ಉಳಿಯುತ್ತವೆ.

ಇದೇ ಸಂಸ್ಥೆ ಹೊರದೇಶದಲ್ಲಿ ಸ್ವತಂತ್ರವಾಗಿ ನಡೆಯುವ ಅಂಗಸಂಸ್ಥೆಯನ್ನು ಹೊಂದಿದ್ದರೆ, ಆ ಅಂಗಸಂಸ್ಥೆಯ ಇಡೀ ಲೆಕ್ಕಪತ್ರವನ್ನು ರೂಪಾಯಿಗೆ ತರುವಾಗ ಬರುವ ವ್ಯತ್ಯಾಸ ಲಾಭ-ನಷ್ಟಕ್ಕೆ ಹೋಗದೆ ಪ್ರತ್ಯೇಕ ಮೀಸಲಿಗೆ ಹೋಗುತ್ತದೆ. ಅದೂ ವರ್ಷಾಂತ್ಯದ ಪರಿವರ್ತನೆಯೇ ಆದರೂ ಸ್ವಭಾವದಲ್ಲಿ ಬೇರೆಯಾದ್ದರಿಂದ, ಇಲ್ಲಿನ ಚರ್ಚೆ ಸಂಸ್ಥೆಯ ಸ್ವಂತ ರಫ್ತು ಬಾಕಿಗೆ ಸೀಮಿತವಾಗಿದೆ.

ಮುಕ್ತಾಯ ದರವೆಂದು ಡಾಲರಿಗೆ ಹೆಚ್ಚಾಗಿ ಬಳಕೆಯಾಗುವುದು ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆ ಪ್ರಕಟಿಸುವ ಉಲ್ಲೇಖ ದರ. 2018ರ ಜುಲೈವರೆಗೆ ಈ ದರವನ್ನು ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತಿತ್ತು. ರಜಾದಿನಗಳಂದು ದರ ಪ್ರಕಟವಾಗುವುದಿಲ್ಲವಾದ್ದರಿಂದ ವರ್ಷದ ಕೊನೆಯ ದಿನ ರಜೆ ಬಂದಾಗ ಅದಕ್ಕೂ ಹಿಂದಿನ ದರವನ್ನು ಹಿಡಿಯಬೇಕಾಗುತ್ತದೆ. 2024ರ ಮಾರ್ಚ್ 31 ಭಾನುವಾರವಾಗಿತ್ತು, 29 ಗುಡ್ ಫ್ರೈಡೆಯಾಗಿತ್ತು. ಹೀಗಾಗಿ ಆ ವರ್ಷಕ್ಕೆ ಬಳಕೆಯಾದದ್ದು ಮಾರ್ಚ್ 28ರ ದರ, ಸುಮಾರು 83.37 ರೂಪಾಯಿ. 2025ರ ಮಾರ್ಚ್ ಅಂತ್ಯಕ್ಕೆ ಅದು ಸುಮಾರು 85.58ಕ್ಕೆ ಏರಿತ್ತು. ರಫ್ತುದಾರರ ಬಳಿ ಇನ್ನೊಂದು ದರವೂ ಇರುತ್ತದೆ. ಸೀಮಾಸುಂಕದ ಉದ್ದೇಶಕ್ಕಾಗಿ ಸರ್ಕಾರ ಅಧಿಸೂಚಿಸುವ ಆ ದರ ಶಿಪ್ಪಿಂಗ್ ಬಿಲ್ಲಿನಲ್ಲಿ, ಎಂದರೆ ಸರಕನ್ನು ಹೊರದೇಶಕ್ಕೆ ಕಳುಹಿಸಲು ಸುಂಕದ ಕಚೇರಿಗೆ ಸಲ್ಲಿಸುವ ಘೋಷಣೆಯಲ್ಲಿ, ಅಚ್ಚಾಗಿರುತ್ತದೆ. ಅದು ಸುಂಕ ಮತ್ತು ರಫ್ತು ಸವಲತ್ತುಗಳ ಲೆಕ್ಕಕ್ಕೆ ಮೀಸಲಾದುದು. ಮಾರಾಟವನ್ನು ಪುಸ್ತಕಕ್ಕೆ ತರಲು ಅದನ್ನೇ ಬಳಸಿದರೆ ಮಾರಾಟದ ಮೊತ್ತವೂ ಮುಂದೆ ಹುಟ್ಟುವ ವಿನಿಮಯ ವ್ಯತ್ಯಾಸವೂ ಒಟ್ಟಿಗೆ ತಪ್ಪಾಗುತ್ತವೆ.

3. ಒಂದು ಕಾಫಿ ರಫ್ತು ಸಂಸ್ಥೆಯ ಲೆಕ್ಕ

ಕೊಡಗಿನಲ್ಲಿ ಕಾಫಿ ಬೀಜವನ್ನು ಸಂಸ್ಕರಿಸಿ ಮಂಗಳೂರು ಬಂದರಿನ ಮೂಲಕ ಯೂರೋಪಿಗೆ ಕಳುಹಿಸುವ, ಎ.ಎಸ್. 11 ಅನ್ನು ಪಾಲಿಸುವ ಸಂಸ್ಥೆಯೊಂದನ್ನು ವಿವರಣೆಗಾಗಿ ಕಲ್ಪಿಸಿಕೊಳ್ಳಬಹುದು. 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ಅದರ ವಿನಿಮಯ ವ್ಯತ್ಯಾಸದ ಖಾತೆ 69,200 ರೂಪಾಯಿಯ ನಿವ್ವಳ ಲಾಭವನ್ನೂ, ರಫ್ತು ಬಾಕಿಯ ಪಟ್ಟಿ 1,80,000 ಡಾಲರನ್ನೂ, ಅದರ ರೂಪಾಯಿ ಮೊತ್ತವಾಗಿ 1,54,04,400 ರೂಪಾಯಿಯನ್ನೂ ತೋರಿಸುತ್ತವೆ. ಡಾಲರಿಗೆ 85.58ರಂತೆ ಗುಣಿಸಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ದರವನ್ನಷ್ಟೇ ತಾಳೆ ನೋಡುವ ಪರಿಶೋಧನೆ ಇಲ್ಲಿಗೆ ಮುಗಿಯುತ್ತದೆ.

ಡಾಲರ್ ಲೆಕ್ಕದಿಂದ ಹೊರಟಾಗ ಚಿತ್ರ ಬದಲಾಗುತ್ತದೆ. ವರ್ಷದೊಳಗೇ ಮಾರಾಟವಾಗಿ ಪೂರ್ತಿ ವಸೂಲಾದ ಇನ್‌ವಾಯ್ಸ್‌ಗಳನ್ನು ಸರಳತೆಗಾಗಿ ಬದಿಗಿಟ್ಟರೆ, ವರ್ಷದ ಆರಂಭದಲ್ಲಿ 90,000 ಡಾಲರ್ ಬಾಕಿಯಿತ್ತು. ವರ್ಷದಲ್ಲಿ 1,40,000 ಡಾಲರಿನ ಹೊಸ ಮಾರಾಟ ದಾಖಲಾಯಿತು. ಬ್ಯಾಂಕಿಗೆ ಬಂದದ್ದು 49,000 ಡಾಲರ್. ಹಾಗಾದರೆ ಉಳಿಯಬೇಕಾದದ್ದು 1,81,000 ಡಾಲರ್, ಪಟ್ಟಿಯಲ್ಲಿರುವುದು 1,80,000. ರೂಪಾಯಿ ಖಾತೆ ಪೈಸೆಯವರೆಗೂ ಹೊಂದಿಕೊಂಡಿದ್ದರೂ ಡಾಲರ್ ಖಾತೆಯಲ್ಲಿ ಒಂದು ಸಾವಿರದ ಕೊರತೆ ಕಾಣುತ್ತದೆ. ವಿನಿಮಯ ದರ ಎಷ್ಟೇ ಏರಿಳಿದರೂ ಡಾಲರುಗಳ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ, ಈ ಕೊರತೆಗೆ ದರವನ್ನು ಹೊರತುಪಡಿಸಿದ ಕಾರಣವೇ ಇರಬೇಕು.

ಕಾರಣ ಸಿಗುವುದು ಹಿಂದಿನ ವರ್ಷದಿಂದ ಬಂದ 50,000 ಡಾಲರಿನ ಇನ್‌ವಾಯ್ಸ್‌ನಲ್ಲಿ. ಅದು ಪುಸ್ತಕದಲ್ಲಿ 83.37ರ ದರದಲ್ಲಿ 41,68,500 ರೂಪಾಯಿಯಾಗಿತ್ತು. ಮೇ ತಿಂಗಳಲ್ಲಿ ಖರೀದಿದಾರ ಬೀಜದ ತೇವಾಂಶ ಹೆಚ್ಚಾಗಿತ್ತೆಂದು 1,000 ಡಾಲರ್ ಕಡಿತ ಮಾಡಿ 49,000 ಡಾಲರ್ ಕಳುಹಿಸಿದ. ಬ್ಯಾಂಕ್ ಅದನ್ನು 83.50ರ ದರದಲ್ಲಿ 40,91,500 ರೂಪಾಯಿಯಾಗಿ ಜಮಾ ಮಾಡಿತು. ಉಳಿದ 77,000 ರೂಪಾಯಿಯನ್ನು ಗುಮಾಸ್ತರು ವಿನಿಮಯ ನಷ್ಟವೆಂದು ಬರೆದು ಇನ್‌ವಾಯ್ಸ್ ಮುಚ್ಚಿದರು. ಆದರೆ ಬರಬೇಕಾದ ಡಾಲರಿನ ದರ ಈ ಅವಧಿಯಲ್ಲಿ 83.37ರಿಂದ 83.50ಕ್ಕೆ ಏರಿರುವಾಗ ರಫ್ತುದಾರನಿಗೆ ವಿನಿಮಯ ನಷ್ಟವಾಗಲು ಸಾಧ್ಯವೇ ಇಲ್ಲ. ವಾಸ್ತವವಾಗಿ 50,000 ಡಾಲರಿನ ಮೇಲೆ 6,500 ರೂಪಾಯಿಯ ವಿನಿಮಯ ಲಾಭವೂ, ಗುಣಮಟ್ಟದ ತಕರಾರಿನಿಂದ 83,500 ರೂಪಾಯಿಯ ಮಾರಾಟ ಕಡಿತವೂ ಆಗಿದ್ದವು. ಎರಡರ ನಿವ್ವಳವೇ ಆ 77,000. ದರ ಸಾಗಿದ ದಿಕ್ಕಿಗೂ ವ್ಯತ್ಯಾಸದ ದಿಕ್ಕಿಗೂ ಹೊಂದಿಕೆಯಿಲ್ಲದಿರುವುದು ಇಂಥ ಪ್ರಕರಣಗಳ ಮೊದಲ ಗುರುತು. ಮಧ್ಯವರ್ತಿ ವಿದೇಶಿ ಬ್ಯಾಂಕುಗಳು ಹಿಡಿದುಕೊಳ್ಳುವ ಶುಲ್ಕವೂ ಹೀಗೆಯೇ ವಿನಿಮಯ ನಷ್ಟದೊಳಗೆ ಸೇರಿಹೋಗುತ್ತದೆ. ಬ್ಯಾಂಕಿನ ಜಮಾ ಸೂಚನೆಯಲ್ಲಿರುವ ಡಾಲರ್ ಮೊತ್ತವನ್ನು ಇನ್‌ವಾಯ್ಸ್‌ನ ಡಾಲರ್ ಮೊತ್ತದೊಂದಿಗೆ ಹೋಲಿಸಿದರೆ ಎರಡೂ ಬೆಳಕಿಗೆ ಬರುತ್ತವೆ. ತಕರಾರನ್ನು ಒಪ್ಪಿಕೊಂಡು ಕೊಟ್ಟ ಕ್ರೆಡಿಟ್ ನೋಟ್ ಇದೆಯೇ, ಅದೇ ಖರೀದಿದಾರ ಇತರ ರವಾನೆಗಳ ಮೇಲೂ ತಕರಾರು ಎತ್ತಿದ್ದಾನೆಯೇ ಎಂಬುದು ಅದರ ಮುಂದಿನ ಪ್ರಶ್ನೆ.

4. ಬಾಕಿ ಈ ವರ್ಷದ್ದೇ, ಬರುವಂಥದ್ದೇ

ಪಟ್ಟಿಯಲ್ಲಿರುವ 1,80,000 ಡಾಲರಿನಲ್ಲಿ ಮೂರು ಇನ್‌ವಾಯ್ಸ್‌ಗಳಿವೆ. ಡಿಸೆಂಬರ್ 20ರ 80,000 ಡಾಲರಿನ ರವಾನೆಗೆ ಶಿಪ್ಪಿಂಗ್ ಬಿಲ್ಲೂ, ಹಡಗಿನ ಕಂಪನಿ ಸರಕನ್ನು ಸ್ವೀಕರಿಸಿ ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ದಾಖಲೆಯೂ ಇದ್ದು, ವರ್ಷ ಮುಗಿದ ನಂತರ ಪೂರ್ತಿ ಹಣವೂ ಬಂದಿದೆ. ಆ ದಿನದ 85.00ರ ದರದಿಂದ ಮುಕ್ತಾಯ ದರಕ್ಕೆ ಬಂದಾಗ ದೊರೆಯುವ 46,400 ರೂಪಾಯಿ ಸರಿಯಾದ ವಿನಿಮಯ ಲಾಭ. ವರ್ಷಾಂತ್ಯದ ನಂತರದ ವಸೂಲಿ ಬಾಕಿಯ ಅಸ್ತಿತ್ವಕ್ಕೆ ಬಲವಾದ ಸಾಕ್ಷ್ಯ; ಅದನ್ನು ನೋಡುವಾಗಲೂ ಡಾಲರಿನ ಮೊತ್ತವನ್ನೇ ನೋಡಬೇಕು, ಏಕೆಂದರೆ ರೂಪಾಯಿಯ ಮೊತ್ತ ಹೇಗೂ ಬೇರೆಯಾಗಿರುತ್ತದೆ.

ಎರಡನೆಯದಾದ 60,000 ಡಾಲರಿನ ಇನ್‌ವಾಯ್ಸ್ ಮಾರ್ಚ್ 27ರದು. ಅಂದು ಕಂಟೇನರು ಕಾರ್ಖಾನೆಯಿಂದ ಹೊರಟಿತು, ಇನ್‌ವಾಯ್ಸೂ ಬರೆಯಲ್ಪಟ್ಟಿತು. ಆದರೆ ಹಡಗಿಗೆ ಸರಕು ಏರಿದ ದಿನಾಂಕವಾಗಿ ಬಿಲ್ ಆಫ್ ಲೇಡಿಂಗಿನಲ್ಲಿ ಏಪ್ರಿಲ್ 3 ಇದೆ. ಒಪ್ಪಂದ ಎಫ್.ಒ.ಬಿ. ಷರತ್ತಿನದು, ಎಂದರೆ ಸರಕು ಬಂದರಿನಲ್ಲಿ ಹಡಗನ್ನೇರಿದಾಗ ಅದರ ಹೊಣೆ ಖರೀದಿದಾರನಿಗೆ ದಾಟುತ್ತದೆ. ಆದ್ದರಿಂದ ಇದು ಮುಂದಿನ ವರ್ಷದ ಮಾರಾಟ. ಸಂಸ್ಥೆ ಇದನ್ನು ಶಿಪ್ಪಿಂಗ್ ಬಿಲ್ಲಿನ 86.00ರ ದರದಲ್ಲಿ 51,60,000 ರೂಪಾಯಿಯಾಗಿ ಬರೆದು, ವರ್ಷಾಂತ್ಯಕ್ಕೆ ಪರಿವರ್ತಿಸಿ 25,200 ರೂಪಾಯಿ ವಿನಿಮಯ ನಷ್ಟ ತೋರಿಸಿತ್ತು. ತಿದ್ದುವಾಗ ಮಾರಾಟವನ್ನೂ ಬಾಕಿಯನ್ನೂ ತೆಗೆದರೆ ಸಾಲದು. ಆ ನಷ್ಟವನ್ನೂ ತೆಗೆದು, ಸರಕನ್ನು ಅದರ ವೆಚ್ಚದಲ್ಲಿ ದಾಸ್ತಾನಿಗೆ ಮರಳಿ ಸೇರಿಸಬೇಕು. ಮಾರ್ಚ್ ಕೊನೆಯ ವಾರದ ಪ್ರತಿಯೊಂದು ರಫ್ತು ಇನ್‌ವಾಯ್ಸ್‌ನ ಪಕ್ಕದಲ್ಲಿ ಬಿಲ್ ಆಫ್ ಲೇಡಿಂಗಿನ ದಿನಾಂಕವನ್ನೂ ಒಪ್ಪಂದದ ಷರತ್ತನ್ನೂ ಬರೆದುಕೊಳ್ಳುವುದು ಇದನ್ನು ಪತ್ತೆಹಚ್ಚುವ ಸರಳ ದಾರಿ.

ಮೂರನೆಯದೇ ಹೆಚ್ಚು ಗಂಭೀರವಾದುದು. 2023ರ ಆಗಸ್ಟ್‌ನ 40,000 ಡಾಲರಿನ ಇನ್‌ವಾಯ್ಸ್ 19 ತಿಂಗಳು ಕಳೆದರೂ ವಸೂಲಾಗಿಲ್ಲ. ಹಿಂದಿನ ವರ್ಷಾಂತ್ಯಕ್ಕೆ 33,34,800 ರೂಪಾಯಿಯಾಗಿದ್ದ ಅದು ಈ ವರ್ಷಾಂತ್ಯಕ್ಕೆ 34,23,200 ರೂಪಾಯಿಯಾಗಿ, 88,400 ರೂಪಾಯಿ ಲಾಭವನ್ನು ತಂದುಕೊಟ್ಟಿದೆ. ರೂಪಾಯಿ ದುರ್ಬಲವಾಗುತ್ತಿರುವ ಕಾಲದಲ್ಲಿ ಬಾರದ ಸಾಲವೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ, ಪ್ರತಿ ವರ್ಷವೂ ಲಾಭವನ್ನು ಸೇರಿಸುತ್ತ ಹೋಗುತ್ತದೆ ಎಂಬುದು ರಫ್ತು ಬಾಕಿಯ ವಿಶೇಷ ಅಪಾಯ. ಇಲ್ಲಿ ಕ್ರಮ ಮುಖ್ಯ. ಎಷ್ಟು ಡಾಲರ್ ಬರಬಹುದೆಂದು ಮೊದಲು ಡಾಲರಿನಲ್ಲಿಯೇ ಅಂದಾಜಿಸಬೇಕು. ಪೂರ್ತಿ ಬಾಕಿಯನ್ನು ಮುಕ್ತಾಯ ದರಕ್ಕೆ ತಂದ ಮೇಲೆ, ಬಾರದ ಡಾಲರುಗಳಿಗೆ ಅದೇ ದರದಲ್ಲಿ ಸಂದೇಹಾಸ್ಪದ ಸಾಲದ ಮೀಸಲನ್ನು ಇಡಬೇಕು. ಅರ್ಧ ಮಾತ್ರ ಬಂದೀತು ಎಂಬುದಕ್ಕೆ ಆಧಾರವಿದ್ದರೆ 20,000 ಡಾಲರಿಗೆ 17,11,600 ರೂಪಾಯಿಯ ಮೀಸಲು ಬೇಕಾಗುತ್ತದೆ. ಮೂಲ ಇನ್‌ವಾಯ್ಸ್‌ನ ಹಳೆಯ ದರದಲ್ಲಿ ಮೀಸಲಿಟ್ಟರೆ ದರ ಏರಿದಷ್ಟು ಮಟ್ಟಿಗೆ ಬಾರದ ಸಾಲವೇ ಆಸ್ತಿಯಾಗಿ ಉಳಿಯುತ್ತದೆ.

ಹಳೆಯ ಬಾಕಿಗಳಿಗೆ ಸಂಸ್ಥೆಯ ಹೊರಗಿನ ಸಾಕ್ಷ್ಯವೂ ಲಭ್ಯವಿದೆ. ಫೆಮಾ ಕಾನೂನಿನ ಅಡಿಯಲ್ಲಿ ರಫ್ತಿನ ಹಣವನ್ನು ನಿಗದಿತ ಅವಧಿಯೊಳಗೆ ದೇಶಕ್ಕೆ ತರಬೇಕು. ದೀರ್ಘಕಾಲ 9 ತಿಂಗಳಾಗಿದ್ದ ಈ ಅವಧಿಯನ್ನು 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ವಿಸ್ತರಿಸಲಾಯಿತು. ಪ್ರತಿಯೊಂದು ಶಿಪ್ಪಿಂಗ್ ಬಿಲ್ಲಿಗೂ ಹಣ ಬಂದಿದೆಯೇ ಎಂಬುದನ್ನು ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಎಂಬ ಗಣಕ ವ್ಯವಸ್ಥೆಯ ಮೂಲಕ ಬ್ಯಾಂಕುಗಳು ಗಮನಿಸುತ್ತಿರುತ್ತವೆ. ಸಂಸ್ಥೆಯ ಬ್ಯಾಂಕಿನಿಂದ ಇತ್ಯರ್ಥವಾಗದ ಶಿಪ್ಪಿಂಗ್ ಬಿಲ್ಲುಗಳ ಪಟ್ಟಿ ತರಿಸಿ ಪುಸ್ತಕದ ಬಾಕಿಯೊಂದಿಗೆ ಹೋಲಿಸಿದಾಗ ಎರಡು ಬಗೆಯ ಅಂತರಗಳು ಕಾಣಬಹುದು. ಪುಸ್ತಕದಲ್ಲಿ ಮುಚ್ಚಿದ ಇನ್‌ವಾಯ್ಸ್ ಬ್ಯಾಂಕಿನ ಪಟ್ಟಿಯಲ್ಲಿ ತೆರೆದಿದ್ದರೆ, ಮೇಲೆ ಕಂಡ 1,000 ಡಾಲರಿನಂಥ ಕಡಿತವೋ ದಾಖಲೆ ಸಲ್ಲಿಸದ ಲೋಪವೋ ಅಲ್ಲಿರಬಹುದು. ಪುಸ್ತಕದಲ್ಲಿ ಬಾಕಿಯೆಂದಿರುವ ಇನ್‌ವಾಯ್ಸ್‌ಗೆ ಬ್ಯಾಂಕಿನ ಪಟ್ಟಿಯಲ್ಲಿ ಹಣ ಬಂದಾಗಿದ್ದರೆ, ಆ ಹಣ ಯಾವ ಖಾತೆಗೆ ಹೋಯಿತೆಂದು ಕೇಳಲೇಬೇಕು. ಆದರೆ ಈ ಪಟ್ಟಿ ಶಿಪ್ಪಿಂಗ್ ಬಿಲ್ಲನ್ನು ಆಧರಿಸಿದ್ದರಿಂದ, ಹಡಗನ್ನೇರುವ ಮುನ್ನವೇ ಬರೆದ ಮಾರಾಟವನ್ನು ಅದು ಬಯಲಿಗೆಳೆಯಲಾರದು. ಖರೀದಿದಾರನಿಗೆ ಕೊಡುವ ಸಾಮರ್ಥ್ಯವಿದೆಯೇ ಎಂಬುದನ್ನೂ ಅದು ಹೇಳುವುದಿಲ್ಲ.

ಖರೀದಿದಾರರಿಂದಲೇ ಬಾಕಿಯನ್ನು ದೃಢಪಡಿಸಿಕೊಳ್ಳುವ ಕ್ರಮವನ್ನು ಎಸ್.ಎ. 505 ಎಂಬ ಪರಿಶೋಧನಾ ಮಾನದಂಡ ವಿವರಿಸುತ್ತದೆ. ವಿದೇಶಿ ಖರೀದಿದಾರನಿಗೆ ರೂಪಾಯಿ ಮೊತ್ತ ಬರೆದು ಕಳುಹಿಸಿದರೆ ಅವನ ಪುಸ್ತಕದಲ್ಲಿ ಅಂಥ ಅಂಕಿಯೇ ಇರುವುದಿಲ್ಲ. ಆದ್ದರಿಂದ ಪತ್ರದಲ್ಲಿ ಇನ್‌ವಾಯ್ಸ್ ಸಂಖ್ಯೆ, ದಿನಾಂಕ ಮತ್ತು ಡಾಲರ್ ಮೊತ್ತ ಇರಬೇಕು. ತಕರಾರು ಅಥವಾ ಕಡಿತವಿದ್ದರೆ ತಿಳಿಸುವಂತೆ ಕೇಳಿರಬೇಕು. ಉತ್ತರ ರಫ್ತು ಸಂಸ್ಥೆಯ ಕಚೇರಿಯ ಮೂಲಕ ಬಾರದೆ ನೇರವಾಗಿ ಪರಿಶೋಧಕರಿಗೆ ತಲುಪಬೇಕು. ಇಮೇಲ್ ವಿಳಾಸ ನಿಜವಾಗಿ ಆ ಖರೀದಿದಾರನದೇ ಎಂಬುದನ್ನು ಸ್ವತಂತ್ರವಾಗಿ ನೋಡಿಕೊಂಡಿರಬೇಕು.

5. ಮುಂಗಡ ಮತ್ತು ಫಾರ್ವರ್ಡ್ ಒಪ್ಪಂದ

ಇದೇ ಸಂಸ್ಥೆ ಫೆಬ್ರವರಿಯಲ್ಲಿ ಇನ್ನೊಬ್ಬ ಖರೀದಿದಾರನಿಂದ 30,000 ಡಾಲರ್ ಮುಂಗಡ ಪಡೆದಿತ್ತು. ಬ್ಯಾಂಕ್ ಅದನ್ನು 86.80ರ ದರದಲ್ಲಿ 26,04,000 ರೂಪಾಯಿಯಾಗಿ ಜಮಾ ಮಾಡಿತ್ತು. ವರ್ಷಾಂತ್ಯದಲ್ಲಿ ಸಂಸ್ಥೆಯ ತಂತ್ರಾಂಶ ಡಾಲರ್ ಗುರುತಿರುವ ಎಲ್ಲ ಖಾತೆಗಳನ್ನೂ ಒಟ್ಟಿಗೆ 85.58ಕ್ಕೆ ಪರಿವರ್ತಿಸಿ, ಈ ಹೊಣೆ ಕಡಿಮೆಯಾಯಿತೆಂದು 36,600 ರೂಪಾಯಿ ಲಾಭ ಬರೆಯಿತು. ಈ ಮುಂಗಡ ತೀರುವುದು ಕಾಫಿ ಬೀಜದ ರೂಪದಲ್ಲಿ, ಡಾಲರಿನ ರೂಪದಲ್ಲಲ್ಲ. ಆದ್ದರಿಂದ ಅದು ಹಣರೂಪವಲ್ಲದ ಬಾಬತ್ತು. ಲಾಭವನ್ನು ಹಿಂತೆಗೆದು, ಮುಂದೆ ಸರಕು ಹೋದಾಗ ಆ ಮಟ್ಟಿನ ಮಾರಾಟವನ್ನು 26,04,000 ರೂಪಾಯಿಗೇ ಬರೆಯಬೇಕು. ಆರ್ಡರ್ ರದ್ದಾಗಿ ಹಣ ಹಿಂದಿರುಗಿಸಬೇಕಾಗಿ ಬಂದರೆ ಮಾತ್ರ ಅದು ಹಣರೂಪದ ಹೊಣೆಯಾಗಿ, ಮುಕ್ತಾಯ ದರಕ್ಕೆ ಒಳಪಡುತ್ತದೆ. ತಂತ್ರಾಂಶ ಯಾವ ಖಾತೆಗಳನ್ನು ಪರಿವರ್ತಿಸುತ್ತದೆ ಎಂಬ ಪಟ್ಟಿಯನ್ನು ಪರಿಶೋಧಕರು ಕೇಳಿ ಪಡೆಯುವುದು ಇದೇ ಕಾರಣಕ್ಕೆ.

ಮುಂದೆ ಬರುವ ಡಾಲರನ್ನು ಇಂದೇ ನಿಗದಿಪಡಿಸಿದ ದರಕ್ಕೆ ಬ್ಯಾಂಕಿಗೆ ಮಾರುವ ಫಾರ್ವರ್ಡ್ ಒಪ್ಪಂದವಿದ್ದರೆ, ಬಾಕಿಯನ್ನು ಆ ಒಪ್ಪಂದದ ದರದಲ್ಲಿ ತೋರಿಸುವ ತಪ್ಪೂ ಸಾಮಾನ್ಯ. ಎ.ಎಸ್. 11ರ ಪ್ರಕಾರ ಬಾಕಿಯ ರಕ್ಷಣೆಗಾಗಿ ಮಾಡಿಕೊಂಡ ಒಪ್ಪಂದದಲ್ಲಿಯೂ ಬಾಕಿ ಮುಕ್ತಾಯ ದರಕ್ಕೇ ಬರಬೇಕು; ಒಪ್ಪಂದದ ದರಕ್ಕೂ ಅದು ಆರಂಭವಾದ ದಿನದ ದರಕ್ಕೂ ಇರುವ ಅಂತರವನ್ನು ಒಪ್ಪಂದದ ಅವಧಿಯುದ್ದಕ್ಕೂ ಹಂಚಬೇಕು. ಇಂಥ ಒಪ್ಪಂದಗಳೆಲ್ಲ ಲೆಕ್ಕಕ್ಕೆ ಬಂದಿವೆಯೇ ಎಂಬುದಕ್ಕೆ ಬ್ಯಾಂಕಿನಿಂದ ನೇರವಾಗಿ ಪಡೆದ ದೃಢೀಕರಣವೇ ಆಧಾರ.

6. ಖಾತೆಯನ್ನು ಮತ್ತೆ ಕಟ್ಟುವುದು

ಈಗ ವಿನಿಮಯ ವ್ಯತ್ಯಾಸದ ಖಾತೆಯನ್ನು ಡಾಲರ್ ಮೊತ್ತ ಮತ್ತು ದರದ ಅಂತರಗಳಿಂದ ಮಾತ್ರ ಹೊಸದಾಗಿ ಕಟ್ಟಬಹುದು. ಮೇ ತಿಂಗಳ ವಸೂಲಿಯ ಮೇಲೆ 6,500, ಡಿಸೆಂಬರಿನ ಬಾಕಿಯ ಮೇಲೆ 46,400, ಹಳೆಯ ಬಾಕಿಯ ಮೇಲೆ 88,400, ಒಟ್ಟು 1,41,300 ರೂಪಾಯಿ ಲಾಭ. ಪುಸ್ತಕದ 69,200ಕ್ಕೆ ತಕರಾರಿನ 83,500 ಮತ್ತು ಮಾರ್ಚ್ ಇನ್‌ವಾಯ್ಸ್‌ನ 25,200 ಸೇರಿಸಿ, ಮುಂಗಡದ 36,600 ಕಳೆದರೆ ಇದೇ ಮೊತ್ತ ಬರುತ್ತದೆ. ಅಂತರಕ್ಕೆ ವಿವರಣೆ ಪೂರ್ತಿಯಾಗಿ ಸಿಕ್ಕಿದಾಗ ಮಾತ್ರ ಪರೀಕ್ಷೆ ಮುಗಿದಂತೆ. ನೂರಾರು ಇನ್‌ವಾಯ್ಸ್‌ಗಳಿರುವ ಸಂಸ್ಥೆಯಲ್ಲಿ ತಿಂಗಳವಾರು ಡಾಲರ್ ಶಿಲ್ಕು ಮತ್ತು ತಿಂಗಳ ದರದ ಬದಲಾವಣೆಯಿಂದ ಒಂದು ನಿರೀಕ್ಷಿತ ಮೊತ್ತವನ್ನು ಕಟ್ಟಿ, ಅದು ಪುಸ್ತಕದ ಮೊತ್ತದಿಂದ ದೂರ ಸರಿದ ತಿಂಗಳುಗಳನ್ನು ಮಾತ್ರ ಬಿಡಿಬಿಡಿಯಾಗಿ ನೋಡಬಹುದು.

ವಿನಿಮಯ ವ್ಯತ್ಯಾಸದ ಸಾಲಿನಲ್ಲಿ ಬಂದ ತಿದ್ದುಪಡಿ ಒಂದು ಲಕ್ಷವನ್ನೂ ಮುಟ್ಟಲಿಲ್ಲ. ಆದರೆ ಆ ಸಾಲಿನ ಬೆನ್ನುಹತ್ತಿದಾಗ 51,60,000 ರೂಪಾಯಿಯ ಅಕಾಲಿಕ ಮಾರಾಟ, 17,11,600 ರೂಪಾಯಿಯ ಇಡದ ಮೀಸಲು ಮತ್ತು 83,500 ರೂಪಾಯಿಯ ಮುಚ್ಚಿಹೋದ ತಕರಾರು ಹೊರಬಂದವು. 1,54,04,400 ರೂಪಾಯಿಯೆಂದು ತೋರಿಸಿದ್ದ ರಫ್ತು ಬಾಕಿ ಮೀಸಲು ಕಳೆದು 85,58,000 ರೂಪಾಯಿಗೆ, ಎಂದರೆ ನಿಜವಾಗಿ ಬರಬಹುದಾದ ಒಂದು ಲಕ್ಷ ಡಾಲರಿಗೆ, ಇಳಿಯಿತು. ನಿವ್ವಳ ವಿನಿಮಯ ವ್ಯತ್ಯಾಸ ಚಿಕ್ಕದಾಗಿದೆ ಎಂಬ ಕಾರಣಕ್ಕೆ ಅದನ್ನು ಪರೀಕ್ಷೆಯಿಂದ ಕೈಬಿಡುವುದು ಆದ್ದರಿಂದಲೇ ಸಮರ್ಥನೀಯವಲ್ಲ. ರಫ್ತು ಸಂಸ್ಥೆಗಳ ಲೆಕ್ಕವನ್ನು ಪರಿಶೋಧಿಸುವ ಪ್ರತಿಯೊಬ್ಬರೂ ದರದ ಪಟ್ಟಿಯನ್ನು ತೆರೆಯುವ ಮುನ್ನ ಆರಂಭದ ಬಾಕಿ, ಮಾರಾಟ, ವಸೂಲಿ ಮತ್ತು ಕೊನೆಯ ಬಾಕಿಗಳ ಡಾಲರ್ ತಾಳೆಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬೇಕು, ಅದು ಹೊಂದುವವರೆಗೆ ರೂಪಾಯಿಯ ಅಂಕಿಗಳಿಗೆ ಸಹಿ ಹಾಕಬಾರದು.